ಎರಡು ಕಾಲಾಳು ಕಡಿಮೆಯಿದ್ದರೂ ಡ್ರಾ: ವಿರುದ್ಧ ಬಣ್ಣದ ಬಿಷಪ್‌ಗಳೊಂದಿಗೆ ನನ್ನ ಅನುಭವ

ಒಬ್ಬರ ಬಿಷಪ್ ಬಿಳಿ ಮನೆಗಳಲ್ಲೂ ಇನ್ನೊಬ್ಬರದು ಕಪ್ಪು ಮನೆಗಳಲ್ಲೂ ಓಡಾಡುವಾಗ ಅವೆರಡೂ ಎಂದಿಗೂ ಮುಖಾಮುಖಿಯಾಗುವುದಿಲ್ಲ. ಹೀಗಾಗಿ, ರಕ್ಷಿಸಿಕೊಳ್ಳುವವರು ತಮ್ಮ ಬಿಷಪ್‌ನ ಬಣ್ಣದ ಮನೆಯೊಂದರಲ್ಲಿ ರಾಜನನ್ನು ಕೂರಿಸಿದರೆ, ಅವನನ್ನು ಅಲ್ಲಿಂದ ಎಬ್ಬಿಸುವ ಶಕ್ತಿ ಎದುರಾಳಿಯ ಬಿಷಪ್‌ಗೆ ಇರುವುದಿಲ್ಲ. ಕಾಲಾಳುಗಳು ಹೆಚ್ಚಿದ್ದರೂ ಇಂಥ ಅಂತ್ಯಗಳು ಡ್ರಾ ಆಗುವುದಕ್ಕೆ ಮೂಲ ಕಾರಣ ಇದೇ.

ಟೂರ್ನಿಯೊಂದರಲ್ಲಿ ಕಪ್ಪು ಕಾಯಿಗಳೊಂದಿಗೆ ಆಡುತ್ತಿದ್ದ ನನಗೆ ಒಂದು ಕಾಲಾಳು ಕಡಿಮೆಯಿತ್ತು ಮತ್ತು ಹಲಗೆಯ ಮೇಲೆ ಇನ್ನೂ ಒಂದೊಂದು ಆನೆ ಉಳಿದಿತ್ತು. ಆನೆಗಳು ಇರುವವರೆಗೆ ವಿರುದ್ಧ ಬಣ್ಣದ ಬಿಷಪ್‌ಗಳು ಆಕ್ರಮಣ ಮಾಡುವವರಿಗೇ ಅನುಕೂಲವೆಂಬುದು ತಿಳಿದಿದ್ದರಿಂದ, ನಾನು ಆನೆಗಳನ್ನು ವಿನಿಮಯ ಮಾಡಿಕೊಂಡೆ. ಆ ವಿನಿಮಯಕ್ಕಾಗಿ ಇನ್ನೊಂದು ಕಾಲಾಳನ್ನು ಬಿಟ್ಟುಕೊಡಬೇಕಾಯಿತು. ಆದರೆ ಅದೇ ಅವಕಾಶದಲ್ಲಿ a ಸಾಲಿನಲ್ಲಿದ್ದ ಬಿಳಿಯ ದೂರದ ಕಾಲಾಳು ಹಲಗೆಯಿಂದ ಹೊರಬಿದ್ದಿತು. ಈ ವಿನಿಮಯವನ್ನು ಒಪ್ಪುವ ಮೊದಲು ನಾನು ನೋಡಿದ್ದು ಎಷ್ಟು ಕಾಲಾಳುಗಳು ಉಳಿಯುತ್ತವೆ ಎಂಬುದನ್ನಲ್ಲ, ಎಲ್ಲೆಲ್ಲಿ ಉಳಿಯುತ್ತವೆ ಎಂಬುದನ್ನು.

ಕೊನೆಗೆ ಉಳಿದ ಸ್ಥಿತಿ ಹೀಗಿತ್ತು. ಬಿಳಿಯ ರಾಜ e4ರಲ್ಲಿ, ಬಿಷಪ್ g4ರಲ್ಲಿ, ಕಾಲಾಳುಗಳು d5 ಮತ್ತು e5ರಲ್ಲಿ. ನನ್ನ ರಾಜ e7ರಲ್ಲಿ, ಬಿಷಪ್ c7ರಲ್ಲಿ. ಅಕ್ಕಪಕ್ಕದಲ್ಲಿ ಕೈಹಿಡಿದು ನಿಂತ ಎರಡು ಕಾಲಾಳುಗಳು ನೋಡಲು ಭಯಂಕರವಾಗಿ ಕಾಣುತ್ತವೆ, ಆದರೂ ಇದು ಖಚಿತವಾದ ಡ್ರಾ.

c7ರಲ್ಲಿರುವ ಬಿಷಪ್ ಇಲ್ಲಿ ಒಂದೇ ಕರ್ಣದ ಮೇಲೆ ಎರಡು ಕೆಲಸ ಮಾಡುತ್ತದೆ. d6 ಮನೆಯನ್ನು ಕಾಯುವುದರ ಜೊತೆಗೆ e5ರ ಕಾಲಾಳಿನ ಮೇಲೆ ಒತ್ತಡ ಹೇರುತ್ತದೆ. ಬಿಳಿ d6 ಆಡಿ ಶಹ ಕೊಟ್ಟರೆ ಬಿಷಪ್ ಅದನ್ನು ಕಡಿಯುತ್ತದೆ, e ಕಾಲಾಳು ಬಿಷಪ್ಪನ್ನು ಕಡಿಯುತ್ತದೆ, ರಾಜ ಆ ಕೊನೆಯ ಕಾಲಾಳನ್ನೂ ಕಡಿಯುತ್ತಾನೆ. ಆಗ ಬಿಳಿಯ ಬಳಿ ಒಂಟಿ ಬಿಷಪ್ ಮಾತ್ರ ಉಳಿಯುತ್ತದೆ. ಅದರ ಬದಲು e6 ಆಡಿದರೆ, ಎರಡೂ ಕಾಲಾಳುಗಳು ಬಿಳಿ ಮನೆಗಳಲ್ಲಿ ನಿಂತುಬಿಡುತ್ತವೆ. ನನ್ನ ರಾಜ e7ರಿಂದ ಕದಲಬೇಕಿಲ್ಲ, ಬಿಷಪ್ ಅದೇ ಕರ್ಣದಲ್ಲಿ ಹಿಂದೆ ಮುಂದೆ ಓಡಾಡುತ್ತ d6ನ್ನು ಕಾಯುತ್ತದೆ. ಬಿಳಿಯ ರಾಜ ಸುತ್ತಿ ಬಳಸಿ c6ಕ್ಕೆ ಬಂದರೂ ಫಲವಿಲ್ಲ, ಏಕೆಂದರೆ d6ರಲ್ಲಿ ಕಡಿದ ಬಿಷಪ್‌ಗೆ ನನ್ನ ರಾಜನ ಬೆಂಬಲವಿರುತ್ತದೆ. ಬಿಳಿ ಏನನ್ನೂ ಮುಂದಿಡದೆ ಕಾದರೆ ನಾನೂ ಬಿಷಪ್ಪನ್ನು b8ಕ್ಕೆ, ಮತ್ತೆ c7ಕ್ಕೆ ಆಡುತ್ತ ಕಾಯುತ್ತೇನೆ. e7 ಕಪ್ಪು ಮನೆಯಾದ್ದರಿಂದ g4ರ ಬಿಷಪ್ ನನ್ನ ರಾಜನಿಗೆ ಶಹ ಕೊಡುವ ದಾರಿಯೇ ಇಲ್ಲ. ಎದುರಾಳಿ ಬಹಳ ಹೊತ್ತು ಯೋಚಿಸಿ ರಾಜನನ್ನು ಅತ್ತಿತ್ತ ನಡೆಸಿ ನೋಡಿದರು. ಆದರೆ e5 ಬಿಟ್ಟು ಹೋದರೆ ಕಾಲಾಳು ಹೋಗುತ್ತದೆಂಬ ಕಾರಣಕ್ಕೆ ಅವರ ರಾಜ ಅದಕ್ಕೇ ಕಟ್ಟುಬಿದ್ದಿದ್ದ. ಕೊನೆಗೆ ಅವರೇ ಡ್ರಾ ಕೇಳಿದರು.

ಇದೇ ಸ್ಥಿತಿಯಲ್ಲಿ ನನ್ನ ಬಿಷಪ್ c7ರ ಬದಲು b4ರಲ್ಲಿ ಇದ್ದು, ನಡೆ ಬಿಳಿಯದಾಗಿದ್ದರೆ ನಾನು ಸೋಲುತ್ತಿದ್ದೆ. ಅಲ್ಲಿಂದಲೂ ಅದು d6ನ್ನು ಕಾಯುತ್ತದೆ, ಆದರೆ e5ನ್ನು ಮುಟ್ಟುವುದಿಲ್ಲ. ಬಿಡುಗಡೆ ಪಡೆದ ಬಿಳಿ ರಾಜ d3, c4, b5 ದಾಟಿ c6 ಸೇರುತ್ತಾನೆ. ಆಮೇಲೆ d6 ಶಹ ಬಂದಾಗ ಬಿಷಪ್ ಕಡಿದರೂ e ಕಾಲಾಳು ಮರಳಿ ಕಡಿದು ಶಹ ಕೊಡುತ್ತದೆ, ಆ ಕಾಲಾಳಿಗೆ ಈಗ c6ರ ರಾಜನ ಕಾವಲಿರುವುದರಿಂದ ನನ್ನ ರಾಜ ಅದನ್ನು ತೆಗೆಯಲಾರ. ನಡುವೆ ಬಿಷಪ್ ಸ್ಥಾನ ಸರಿಪಡಿಸಿಕೊಳ್ಳಲು d6ರ ಕಾವಲು ಬಿಟ್ಟರೆ, ಆ ಗಳಿಗೆಯಲ್ಲೇ ಕಾಲಾಳು ಶಹದೊಂದಿಗೆ ಮುಂದೆ ನುಗ್ಗುತ್ತದೆ. ಎರಡೂ ಕಾಲಾಳುಗಳು ಆರನೆಯ ಸಾಲಿನಲ್ಲಿ ಜೊತೆಯಾಗಿ ನೆಲೆಯೂರಿದ ಮೇಲೆ ಸಾಮಾನ್ಯವಾಗಿ ಉಳಿಗಾಲವಿಲ್ಲ. ಹಾಗಾಗಿ ನಾನು ಶಿಷ್ಯರಿಗೆ ಮೊದಲು ಕೇಳುವ ಪ್ರಶ್ನೆ: ನಿನ್ನ ಬಿಷಪ್ ಬರೀ ತಡೆಯುತ್ತಿದೆಯೋ, ತಡೆಯುತ್ತಲೇ ಇನ್ನೊಂದನ್ನು ಕಾಡುತ್ತಿದೆಯೋ?

ಕಾಲಾಳುಗಳು ದೂರ ದೂರ ಇದ್ದಾಗ ಲೆಕ್ಕವೇ ಬೇರೆ. ಅವುಗಳ ನಡುವೆ ಒಂದೇ ಸಾಲಿನ ಅಂತರವಿದ್ದರೆ ರಾಜ ಮತ್ತು ಬಿಷಪ್ ಸೇರಿ ಸಾಮಾನ್ಯವಾಗಿ ತಡೆಯಬಲ್ಲವು. ಅಂತರ ಎರಡು ಸಾಲು ಅಥವಾ ಅದಕ್ಕಿಂತ ಹೆಚ್ಚಾದರೆ, ಬಿಷಪ್ ಒಂದನ್ನು ಹಿಡಿಯುವಷ್ಟರಲ್ಲಿ ಎದುರಾಳಿಯ ರಾಜ ಇನ್ನೊಂದರ ನೆರವಿಗೆ ಬಂದು ಗೆಲ್ಲುವುದೇ ಹೆಚ್ಚು. ನಾನು a ಕಾಲಾಳನ್ನು ಹಲಗೆಯಿಂದ ತೆಗೆಯಲು ಒಂದು ಕಾಲಾಳಿನ ಬೆಲೆ ತೆತ್ತದ್ದು ಇದಕ್ಕಾಗಿ. 1998ರ ಲಿನಾರೆಸ್ ಟೂರ್ನಿಯಲ್ಲಿ ಟೋಪಲೋವ್ ವಿರುದ್ಧ ಕಪ್ಪು ಕಾಯಿಗಳೊಂದಿಗೆ ಆಡಿದ ಶಿರೋವ್ 47ನೇ ನಡೆಯಲ್ಲಿ ಬಿಷಪ್ಪನ್ನು h3ಯಲ್ಲಿ ಬಲಿಕೊಟ್ಟದ್ದನ್ನು ಈ ಬೆಳಕಿನಲ್ಲೇ ನೋಡಬೇಕು. ಅವರ ಬಳಿ a ಮತ್ತು d ಸಾಲುಗಳಲ್ಲಿ ತಡೆಯಿಲ್ಲದ ಕಾಲಾಳುಗಳಿದ್ದವು. ಕೊರತೆಯಿದ್ದದ್ದು ರಾಜ f5ರ ಮೂಲಕ e4ಕ್ಕೆ ತಲುಪುವ ಸಮಯಕ್ಕೆ ಮಾತ್ರ. f5ರಲ್ಲಿ ದಾರಿಗೆ ಅಡ್ಡವಾಗಿ ನಿಂತಿದ್ದ ಬಿಷಪ್ಪನ್ನೇ ಬಿಟ್ಟುಕೊಟ್ಟು ಆ ಸಮಯವನ್ನು ಅವರು ಗಳಿಸಿದರು. ಟೋಪಲೋವ್ ಅವರ ಬಿಷಪ್ ಒಂಟಿಯಾಗಿ ಎರಡೂ ಕಾಲಾಳುಗಳನ್ನು ತಡೆಯಲಾರದೆ, 53ನೇ ನಡೆಗೆ ಆಟ ಶಿರೋವ್ ಪಾಲಾಯಿತು.