ಎರಡು ಸೆಕೆಂಡಿನ ಒಂದು ಹೊಡೆತ: ಸ್ಮಿಯರ್, ಹೋಲ್ಡ್ ಮತ್ತು ಟೂಸ್ ಲೆಕ್ಕ

ಜಡೆ ಹೆಣೆದ ಹುಡುಗಿಯೊಬ್ಬಳು ಬಲಕ್ಕೆ ಮುಖ ಮಾಡಿ ನಿಂತಿದ್ದಾಳೆ. ಎರಡೂ ಕೈಯಲ್ಲಿ ಒಂದು ದೊಣ್ಣೆ. ಎದುರಿನ ಕಟ್ಟೆಯ ಮೇಲೆ ಒಂದು ಮಣ್ಣಿನ ಮಡಕೆ. ದೊಣ್ಣೆಯನ್ನು ಬೆನ್ನ ಹಿಂದಕ್ಕೆ ಎತ್ತಿ, ತಲೆಯ ಮೇಲಿಂದ ಬೀಸಿ ಮಡಕೆ ಒಡೆಯುತ್ತಾಳೆ, ಹಾಗೆಯೇ ನಿಲ್ಲುತ್ತಾಳೆ. ಕೈಯಿಂದ ಬರೆದು ಮಾಡಿದ ಅನಿಮೇಶನ್ ಶಾಟ್ ಇಷ್ಟೇ. ಸೆಕೆಂಡಿಗೆ 24 ಫ್ರೇಮಿನಂತೆ 48 ಫ್ರೇಮ್. ಎಲ್ಲವನ್ನೂ ಟೂಸ್‌ನಲ್ಲಿ, ಅಂದರೆ ಪ್ರತಿ ಚಿತ್ರವನ್ನು ಎರಡು ಫ್ರೇಮ್ ನಿಲ್ಲಿಸಿ ಮಾಡಿದರೆ ಹುಡುಗಿಗೆ 24 ಚಿತ್ರ ಬೇಕು. ನಾನು ಅವಳನ್ನು ಹತ್ತು ಚಿತ್ರಗಳಲ್ಲಿ ಮುಗಿಸಿದೆ. ಚಿತ್ರ ಉಳಿಸುವುದೊಂದೇ ಇದರ ಉದ್ದೇಶವಲ್ಲ. ನಿಲುವುಗಳನ್ನು ಹೆಚ್ಚು ಹೊತ್ತು ತೋರಿಸಿ, ನಡುವಿನ ಚಲನೆಯನ್ನು ಥಟ್ಟನೆ ದಾಟಿಸಿದರೆ ಹೊಡೆತಕ್ಕೆ ಬರುವ ಬಿರುಸು ನುಣುಪಾದ ಚಲನೆಯಲ್ಲಿ ಬರುವುದಿಲ್ಲ. 1942ರಲ್ಲಿ ಚಕ್ ಜೋನ್ಸ್ ನಿರ್ದೇಶಿಸಿದ ‘ದಿ ಡೋವರ್ ಬಾಯ್ಸ್’ ಕಾರ್ಟೂನಿನ ಪಾತ್ರಗಳು ಒಂದು ನಿಲುವಿನಿಂದ ಇನ್ನೊಂದಕ್ಕೆ ಹಾರುವುದು ಹೀಗೆಯೇ.

ಮೊದಲು ಬರೆದದ್ದು ನಾಲ್ಕೇ ಚಿತ್ರ: ನಿಂತ ಭಂಗಿ, ದೊಣ್ಣೆ ಪೂರ್ತಿ ಹಿಂದಕ್ಕೆ ಹೋದ ಭಂಗಿ, ಮಡಕೆಗೆ ತಗುಲಿದ ಕ್ಷಣ, ಕೊನೆಯ ಭಂಗಿ. ಈ ನಾಲ್ಕನ್ನು ಟೈಮ್‌ಲೈನಿನಲ್ಲಿ ಇಟ್ಟು ಓಡಿಸಿ ನೋಡಬೇಕು. ನಡುವೆ ಏನೂ ಇಲ್ಲದಿದ್ದರೂ ‘ಹೊಡೆದಳು’ ಎಂದು ಗೊತ್ತಾಗಬೇಕು. ಗೊತ್ತಾಗದಿದ್ದರೆ ತಪ್ಪು ಭಂಗಿಯಲ್ಲಿದೆ. ನಡುವಿನ ಚಿತ್ರ ಎಷ್ಟು ಸೇರಿಸಿದರೂ ಅದು ಸರಿಹೋಗದು. ನಾನು ಬಳಸಿದ್ದು ಕ್ರೀಟಾ ಎಂಬ ಚಿತ್ರ ಬರೆಯುವ ಸಾಫ್ಟ್‌ವೇರ್. ಅದರಲ್ಲಿ ಒಂದು ಚಿತ್ರ, ಮುಂದಿನ ಚಿತ್ರ ಶುರುವಾಗುವ ಕೀಫ್ರೇಮ್ ಬರುವವರೆಗೆ ತಾನಾಗಿಯೇ ನಿಲ್ಲುತ್ತದೆ, ಹಾಗಾಗಿ ಹೋಲ್ಡ್ ಉದ್ದ ಮಾಡಲು ಕೀಫ್ರೇಮನ್ನು ಎಳೆದು ಸರಿಸಿದರೆ ಸಾಕು. ಈ ಹಂತದಲ್ಲಿ ಅದನ್ನು ಹತ್ತಾರು ಸಲ ಎಳೆದಾಡಬೇಕಾಗುತ್ತದೆ.

ಕೊನೆಗೆ ನಿಂತ ಲೆಕ್ಕ ಇದು, ಇದರಲ್ಲಿ ಸ್ಮಿಯರ್ ಎಂದರೆ ವೇಗದ ಚಲನೆಯನ್ನು ಹಿಗ್ಗಿಸಿ ಎಳೆದ ಆಕಾರವಾಗಿ ತೋರಿಸುವ ಚಿತ್ರ:

```
ಚಿತ್ರ   ಫ್ರೇಮ್     ಎಷ್ಟು
 1     1–8      8    ನಿಂತ ಭಂಗಿ
 2     9–10     2
 3     11–12    2
 4     13–14    2    ದೊಣ್ಣೆ ಹಿಂದೆ
 5     15–20    6    ಇನ್ನೂ ಸ್ವಲ್ಪ ಹಿಂದೆ
 6     21       1    ಸ್ಮಿಯರ್
 7     22–24    3    ತಗುಲಿದ ಕ್ಷಣ
 8     25–26    2
 9     27–28    2    ಗುರಿ ದಾಟಿದ ಭಂಗಿ
10     29–48    20   ಕೊನೆಯ ಭಂಗಿ
```

ಆರಂಭದ 8 ಫ್ರೇಮ್ ಹಿಂದಿನ ಶಾಟಿನಿಂದ ಬಂದ ಕಣ್ಣು ಹುಡುಗಿಯನ್ನೂ ಮಡಕೆಯನ್ನೂ ಹುಡುಕಿಕೊಳ್ಳಲು. ಇದನ್ನು 4ಕ್ಕೆ ಇಳಿಸಿದಾಗ ದೊಣ್ಣೆ ಹಿಂದಕ್ಕೆ ಹೋದದ್ದೇ ಕಾಣಲಿಲ್ಲ, ಮಡಕೆ ತಾನಾಗಿ ಒಡೆದಂತಾಯಿತು. 2 ಮತ್ತು 3ನೇ ಚಿತ್ರಗಳನ್ನು ಸಮ ಅಂತರದಲ್ಲಿ ಇಡಬಾರದು. ಟೂಸ್‌ನಲ್ಲಿ ಪ್ರತಿ ಜಿಗಿತವೂ ಇಮ್ಮಡಿ, ಅಂತರ ಸಮವಾದರೆ ಚಲನೆ ಗಡಿಯಾರದ ಮುಳ್ಳಿನಂತೆ ಟಕ್ ಟಕ್ ಎನ್ನುತ್ತದೆ. ಒಂದರಿಂದ ನಾಲ್ಕಕ್ಕಿರುವ ದೂರದಲ್ಲಿ 2ನೆಯದು ಅರ್ಧಕ್ಕೆ, 3ನೆಯದು ಮುಕ್ಕಾಲಿಗೂ ಸ್ವಲ್ಪ ಆಚೆಗೆ. ಆಗ ದೊಣ್ಣೆ ಹಿಂದಕ್ಕೆ ಹೋಗುತ್ತಾ ನಿಧಾನವಾಗುತ್ತದೆ, ತೋಳಿನಲ್ಲಿ ಬಿಗಿ ತುಂಬಿದಂತೆ ಕಾಣುತ್ತದೆ.

4 ಮತ್ತು 5 ಹೆಚ್ಚುಕಡಿಮೆ ಒಂದೇ ಚಿತ್ರ. 5ರಲ್ಲಿ ಮೊಣಕಾಲು ತುಸು ಹೆಚ್ಚು ಮಡಚಿದೆ, ದೊಣ್ಣೆಯ ತುದಿ ಸ್ವಲ್ಪ ಕೆಳಗಿಳಿದಿದೆ, ಇಡೀ ಮೈ 1080 ಎತ್ತರದ ಚೌಕಟ್ಟಿನಲ್ಲಿ ಎಂಟು ಹತ್ತು ಪಿಕ್ಸೆಲ್ ಕೆಳಗಿದೆ. ಪಾದ ಮಾತ್ರ ಕದಲಿಲ್ಲ. ಚಲನೆಯ ನಡುವೆ ಒಂದೇ ಚಿತ್ರವನ್ನು 8 ಫ್ರೇಮ್ ನಿಲ್ಲಿಸಿದರೆ ವಿಡಿಯೊ ನಿಂತುಹೋದಂತೆ ಅನಿಸುತ್ತದೆ. ಈ ಸಣ್ಣ ಕುಸಿತ ಇದ್ದರೆ ಅದೇ 8 ಫ್ರೇಮ್ ಉಸಿರು ಹಿಡಿದಂತೆ ಕಾಣುತ್ತದೆ. ಕುಸಿತ ಯಾವಾಗಲೂ ಮುಂದಿನ ಚಲನೆಯ ವಿರುದ್ಧ ದಿಕ್ಕಿಗಿರಬೇಕು. ಮುಂದಕ್ಕೆ ವಾಲಿಸಿದರೆ ಹೊಡೆತ ಸೋರಿಹೋಗುತ್ತದೆ.

ಈಗ ಸ್ಮಿಯರ್. ಹೆಚ್ಚಿನವರು ಎಡವುವುದು ಇಲ್ಲೇ, ಏಕೆಂದರೆ ಇದನ್ನು 5 ಮತ್ತು 7ರ ನಡುವಿನ ಚಿತ್ರವೆಂದು ತಿಳಿದು ಬರೆಯುತ್ತಾರೆ. ಹಾಗೆ ಬರೆದರೆ ದೊಣ್ಣೆ ತಲೆಯ ಮೇಲೆ ನೆಟ್ಟಗೆ ನಿಂತ ಒಂದು ಚಿತ್ರ ಬರುತ್ತದೆ, ಕಣ್ಣಿಗೆ ಮೂರು ಬೇರೆ ಬೇರೆ ದೊಣ್ಣೆ ಕಾಣುತ್ತವೆ. ಸ್ಮಿಯರ್ ಒಂದು ಸ್ಥಾನವಲ್ಲ, ದೊಣ್ಣೆ ಸಾಗಿದ ದಾರಿ.

ಗಡಿಯಾರದ ಲೆಕ್ಕದಲ್ಲಿ ಹೇಳಿದರೆ ಸುಲಭ. 5ರಲ್ಲಿ ದೊಣ್ಣೆಯ ತುದಿ ಒಂಬತ್ತು ಗಂಟೆಗಿದೆ, 7ರಲ್ಲಿ ಮಡಕೆಗೆ ತಗುಲುವಾಗ ನಾಲ್ಕು ಗಂಟೆಗೆ. ಸ್ಮಿಯರಿನ ಮುಂಭಾಗವನ್ನು ಮೂರು ಗಂಟೆಗೆ ಇಟ್ಟೆ, ಬಾಲದ ತುದಿಯನ್ನು ಒಂಬತ್ತೂವರೆಗೆ. ಮುಂಭಾಗದಲ್ಲಿ ದೊಣ್ಣೆ ದಪ್ಪ, ಗೆರೆ ಚೂಪು, ಬಣ್ಣ ಪೂರ್ತಿ. ಅಲ್ಲಿಂದ ಹಿಂದಕ್ಕೆ ಅದೇ ಬಣ್ಣ ಹನ್ನೆರಡರವರೆಗೆ ಅಗಲವಾಗಿ ಹರಡಿ, ಆಮೇಲೆ ಸಪೂರವಾಗುತ್ತಾ ಒಣ ಕುಂಚ ಎಳೆದಂಥ ಮೂರು ನಾಲ್ಕು ಗೀರುಗಳಾಗಿ ಮುಗಿಯುತ್ತದೆ. ಒಟ್ಟು ಆಕಾರ ಬಿದಿಗೆಯ ಚಂದ್ರನಂತೆ: ದೊಣ್ಣೆಯ ತುದಿ ಹೆಚ್ಚು ದೂರ ಸಾಗಿದ್ದರಿಂದ ಹೊರ ಅಂಚು ಉದ್ದ, ಹಿಡಿಯ ಕಡೆ ಕಡಿಮೆ ಸಾಗಿದ್ದರಿಂದ ಒಳ ಅಂಚು ಗಿಡ್ಡ. ಎರಡನ್ನೂ ಒಂದೇ ಅಳತೆಗೆ ಹಿಗ್ಗಿಸಿದರೆ ಬೀಸಿದ ದೊಣ್ಣೆಯ ಬದಲು ಬಟ್ಟೆ ಒಗೆದಂತೆ ಕಾಣುತ್ತದೆ.

ಬಾಲವನ್ನು ಅಷ್ಟು ಹಿಂದಕ್ಕೆ ಎಳೆಯಲು ಕಾರಣವಿದೆ. ಅದನ್ನು ಹನ್ನೆರಡರಲ್ಲೇ ನಿಲ್ಲಿಸಿದಾಗ 5ರ ದೊಣ್ಣೆಗೂ ಸ್ಮಿಯರಿಗೂ ನಡುವೆ ಖಾಲಿ ಜಾಗ ಉಳಿದು, ಒಂದು ದೊಣ್ಣೆ ಮಾಯವಾಗಿ ಇನ್ನೊಂದು ಹುಟ್ಟಿದಂತಾಯಿತು. ಅಕ್ಕಪಕ್ಕದ ಚಿತ್ರಗಳನ್ನು ಮಸುಕಾಗಿ ತೋರಿಸುವ ಆನಿಯನ್ ಸ್ಕಿನ್ ಹಾಕಿ ನೋಡಿದರೆ ಹಿಂದಿನ ಚಿತ್ರದ ದೊಣ್ಣೆಯ ಪಕ್ಕಕ್ಕೇ ಬಾಲ ಬಂದಿರಬೇಕು. ಇನ್ನೊಂದು ಪರೀಕ್ಷೆ: ಬೇರೆ ಲೇಯರಿನಲ್ಲಿ ಪ್ರತಿ ಚಿತ್ರದ ದೊಣ್ಣೆಯ ತುದಿಗೆ ಒಂದು ಕೆಂಪು ಚುಕ್ಕೆ ಇಡಿ. ಚುಕ್ಕೆಗಳನ್ನೂ ಸ್ಮಿಯರಿನ ಹೊರ ಅಂಚನ್ನೂ ಸೇರಿಸಿದರೆ ಒಂದೇ ಕಮಾನು ಬರಬೇಕು. ಅಂಚು ಕಮಾನಿನ ಒಳಗೆ ಬಿದ್ದಿದ್ದರೆ ಓಡಿಸುವಾಗ ದೊಣ್ಣೆ ನಡುದಾರಿಯಲ್ಲಿ ಗಿಡ್ಡವಾಗಿ ಮತ್ತೆ ಬೆಳೆದಂತೆ ಕಾಣುತ್ತದೆ.

ಮೈಯನ್ನು ಸ್ಮಿಯರ್ ಮಾಡಲಿಲ್ಲ. 6ರಲ್ಲಿ ಸೊಂಟ, ಎದೆ, ತಲೆ ಆಗಲೇ 7ರ ಭಂಗಿಗೆ ಬಹುತೇಕ ತಲುಪಿವೆ. ಮೊಣಕೈಯಿಂದ ಆಚೆಗಷ್ಟೇ ಹಿಗ್ಗಿದೆ. ಸೊಂಟ ಮುಂದೆ, ಕೈ ಹಿಂದೆ ಎಂಬುದೇ ಹೊಡೆತದ ಬಲ. ಮುಂದಿನ ಪಾದವನ್ನು 4ರಿಂದ 10ರವರೆಗೂ ಒಂದೇ ಗೆರೆಯಲ್ಲಿ ನಕಲು ಮಾಡಿದ್ದೇನೆ. ಎಲ್ಲವೂ ಕರಗುವ ಆ ಒಂದು ಫ್ರೇಮಿನಲ್ಲಿ ಕಣ್ಣಿಗೆ ಹಿಡಿದುಕೊಳ್ಳಲು ಇರುವುದು ಆ ಪಾದ ಮಾತ್ರ.

ಸ್ಮಿಯರ್ ಒಂದೇ ಫ್ರೇಮ್ ಇರಬೇಕು. ಒಂದು ಫ್ರೇಮ್ ಎಂದರೆ ಸುಮಾರು 42 ಮಿಲಿಸೆಕೆಂಡ್, ಅಷ್ಟರಲ್ಲಿ ಅದು ವೇಗವಾಗಿ ಕಾಣುತ್ತದೆ. ಟೂಸ್‌ನಲ್ಲಿ ಇಟ್ಟರೆ 83 ಮಿಲಿಸೆಕೆಂಡ್, ಕೈ ರಬ್ಬರಿನಂತೆ ಎಳೆದುಕೊಂಡಿರುವುದು ಚಿತ್ರವಾಗಿಯೇ ಕಂಡುಬಿಡುತ್ತದೆ. ಟೈಮ್‌ಲೈನನ್ನೇ 12 ಫ್ರೇಮಿಗೆ ಇಟ್ಟು ಕೆಲಸ ಮಾಡುವವರಿಗೆ ಈ ತೊಂದರೆ ತಪ್ಪಿದ್ದಲ್ಲ, ಅಲ್ಲಿ 42 ಮಿಲಿಸೆಕೆಂಡಿನ ಫ್ರೇಮಿಗೆ ಜಾಗವೇ ಇಲ್ಲ. ಟೂಸ್‌ನಲ್ಲಿ ಬರೆಯುವುದಿದ್ದರೂ ಟೈಮ್‌ಲೈನ್ 24ರಲ್ಲೇ ಇರಲಿ.

ಆದರೆ ಒಂದು ಫ್ರೇಮ್ ಸೇರಿಸಿದ ಕೂಡಲೇ ಟೂಸ್ ಲೆಕ್ಕ ತಪ್ಪುತ್ತದೆ. ಅಲ್ಲಿಯವರೆಗೆ ಎಲ್ಲ ಚಿತ್ರಗಳೂ ಬೆಸ ಫ್ರೇಮಿನಲ್ಲಿ ಶುರುವಾಗುತ್ತಿದ್ದವು, ಈಗ 22ರಲ್ಲಿ. ಅದನ್ನು ತಗುಲಿದ ಕ್ಷಣದಲ್ಲಿ ಸರಿಪಡಿಸಿದೆ. 7ನೆಯದಕ್ಕೆ 3 ಫ್ರೇಮ್ ಕೊಟ್ಟರೆ ಸ್ಮಿಯರ್ ಸೇರಿ 4, ಮತ್ತೆ 25ರಿಂದ ಬೆಸ. ಮಡಕೆಯ ಚೂರು, ಜಡೆ ಎಲ್ಲವೂ ಬೇರೆ ಲೇಯರಿನಲ್ಲಿ ಟೂಸ್‌ನಲ್ಲೇ ಇರುವುದರಿಂದ ಈ ಹೊಂದಾಣಿಕೆ ಮುಖ್ಯ. ಒಂದು ಫ್ರೇಮ್ ಆಚೀಚೆ ಆದರೆ ತಲೆ ಒಂದು ಸಲ ಕದಲಿ, ಮರು ಫ್ರೇಮಿನಲ್ಲಿ ಜಡೆ ಕದಲುತ್ತದೆ, ಜಡೆಯ ಬುಡ ಕಿತ್ತುಬಂದಂತೆ ನಡುಗುತ್ತದೆ.

ಆ ಮೂರು ಫ್ರೇಮ್ ಹೊಡೆತದ ತೂಕವೂ ಹೌದು. ದೊಣ್ಣೆ ಮಡಕೆಯೊಳಕ್ಕೆ ಕಾಲು ಭಾಗ ಇಳಿದಿದೆ, ಮಡಕೆ ಅಗಲಕ್ಕೆ ಉಬ್ಬಿ ಬಿರುಕು ಬಿಟ್ಟಿದೆ, ಒಂದು ಚೂರೂ ಇನ್ನೂ ಹಾರಿಲ್ಲ. ಚಿತ್ರ ನಿಂತೇ ಇರುತ್ತದೆ, ಅಲುಗುವುದು ಕ್ಯಾಮೆರಾ ಮಾತ್ರ, ಅದೂ ಒನ್ಸ್‌ನಲ್ಲಿ, ಅಂದರೆ ಪ್ರತಿ ಫ್ರೇಮಿಗೂ ಬೇರೆಯಾಗಿ: 22ರಲ್ಲಿ 12 ಪಿಕ್ಸೆಲ್ ಕೆಳಕ್ಕೆ, 23ರಲ್ಲಿ 8 ಮೇಲಕ್ಕೆ, 24ರಲ್ಲಿ 4 ಕೆಳಕ್ಕೆ. ಹುಡುಗಿಯನ್ನಷ್ಟೇ ಅಲುಗಿಸಿದರೆ ಪಾದ ನೆಲದ ಮೇಲೆ ಜಾರುತ್ತದೆ, ಹಿನ್ನೆಲೆ ಸಮೇತ ಅಲುಗಬೇಕು. ಜಡೆಯನ್ನು ಈ ಮೂರು ಫ್ರೇಮಿನಲ್ಲಿ ಬೀಸಲು ಬಿಡಬೇಡಿ, ಏನೇ ಆಸೆಯಾದರೂ. ಬೀಸಿದರೆ ತಗುಲಿದ ಪೆಟ್ಟು ಮೆತ್ತಗಾಗುತ್ತದೆ.

8ರಲ್ಲಿ ದೊಣ್ಣೆ ಐದು ಗಂಟೆಗೆ, 9ರಲ್ಲಿ ಐದೂವರೆ ದಾಟಿ, 10ರಲ್ಲಿ ಮತ್ತೆ ಐದಕ್ಕೆ ಬಂದು ನಿಲ್ಲುತ್ತದೆ. ಜಡೆ ಮೈಗಿಂತ ಒಂದು ಚಿತ್ರದಷ್ಟು ಹಿಂದೆ ಬಿದ್ದು, 9ರಲ್ಲಿ ಹೆಗಲ ಮೇಲಿಂದ ಮುಂದಕ್ಕೆ ಬರುತ್ತದೆ.

ಕೊನೆಯ 20 ಫ್ರೇಮಿನಲ್ಲಿ ಮೈ ಒಂದೇ ಚಿತ್ರ. ಅದು ಸತ್ತಂತೆ ಕಾಣದಿರುವುದು ಉಳಿದ ಲೇಯರುಗಳಿಂದ. ಜಡೆಗೆ ನಾಲ್ಕು ಚಿತ್ರ, 29ರಿಂದ 36ರವರೆಗೆ: ಮುಂದಕ್ಕೆ, ಹಿಂದಕ್ಕೆ, ಸ್ವಲ್ಪ ಮುಂದಕ್ಕೆ, ನಿಂತಿತು. ಚೂರುಗಳಿಗೆ ಎಂಟು ಚಿತ್ರ, 25ರಿಂದ 40ರವರೆಗೆ. ದೊಡ್ಡ ಚೂರು ಐದಾರು ಸಾಕು. ಮೂವತ್ತು ಚೂರು ಬರೆದರೆ ಟೂಸ್‌ನಲ್ಲಿ ಯಾವುದು ಎಲ್ಲಿಗೆ ಹೋಯಿತೆಂದು ಕಣ್ಣಿಗೆ ಹಿಡಿಯದೆ ಬರೀ ಮಿನುಗಾಗುತ್ತದೆ. ಮೊದಲ ಜಿಗಿತ ಎಲ್ಲಕ್ಕಿಂತ ದೊಡ್ಡದು, ಮೇಲೇರುತ್ತಾ ಅಂತರ ಕಡಿಮೆ, ಬೀಳುತ್ತಾ ಮತ್ತೆ ಹೆಚ್ಚು. ಹೀಗಾಗಿ ಪೂರ್ತಿ ನಿಶ್ಚಲವಾಗಿರುವುದು 41ರಿಂದ 48, ಸೆಕೆಂಡಿನ ಮೂರನೇ ಒಂದು ಭಾಗ. ಜಡೆಯ ಬುಡ ಬೇರೆ ಲೇಯರಿನಲ್ಲಿರುವುದರಿಂದ ಅದು ತಲೆಯ ಗೆರೆಯ ಹಿಂದಕ್ಕೆ ಒಂದಿಷ್ಟು ಇಳಿದಿರಬೇಕು, ಇಲ್ಲದಿದ್ದರೆ ತೂಗುವಾಗ ಸಂದು ಕಾಣುತ್ತದೆ.

ಎಲ್ಲ ಮುಗಿದ ಮೇಲೆ ಕೆಡುವುದು ಫೈಲ್ ಹೊರತೆಗೆಯುವಾಗ. 24ರಲ್ಲಿ ಮಾಡಿದ್ದನ್ನು 30 ಫ್ರೇಮಿನ ವಿಡಿಯೊಗೆ ಹಾಕಿದರೆ ಎಡಿಟಿಂಗ್ ಸಾಫ್ಟ್‌ವೇರ್ ಸಾಮಾನ್ಯವಾಗಿ ಪ್ರತಿ ನಾಲ್ಕು ಫ್ರೇಮಿಗೆ ಒಂದನ್ನು ಎರಡು ಸಲ ತೋರಿಸುತ್ತದೆ. ಆ ಒಂದು ಸ್ಮಿಯರೇ ಆದರೆ ಅದು 67 ಮಿಲಿಸೆಕೆಂಡ್ ನಿಂತು ರಬ್ಬರ್ ಕೈ ಮತ್ತೆ ಕಾಣುತ್ತದೆ. ಫ್ರೇಮ್ ಬ್ಲೆಂಡಿಂಗ್ ಆನ್ ಆಗಿದ್ದರೆ ಇನ್ನೂ ಕೆಟ್ಟದು, ಸ್ಮಿಯರಿನ ಮೇಲೆ 7ರ ಭಂಗಿ ಅರೆಬರೆ ಮೂಡುತ್ತದೆ. 24ರಲ್ಲೇ ಕೊಡಲು ಸಾಧ್ಯವಾದರೆ ಹಾಗೇ ಕೊಡುತ್ತೇನೆ. 30 ಬೇಕೇ ಬೇಕೆಂದಾಗ ಚಿತ್ರಗಳನ್ನು ಕೈಯಿಂದಲೇ 60 ಫ್ರೇಮಿಗೆ ಹಂಚುತ್ತೇನೆ: ಕ್ರಮವಾಗಿ 10, 3, 2, 3, 7, 1, 4, 3, 2, 25. ಜಡೆ ಮತ್ತು ಚೂರುಗಳ ಕೀಫ್ರೇಮನ್ನೂ ಅದೇ ಗಡಿಗಳಿಗೆ ಸರಿಸಿ, ಕ್ಯಾಮೆರಾ ಅಲುಗಾಟಕ್ಕೆ ನಾಲ್ಕನೆಯ ಫ್ರೇಮಿನಲ್ಲಿ 2 ಪಿಕ್ಸೆಲ್ ಮೇಲಕ್ಕೆ ಎಂದು ಸೇರಿಸುತ್ತೇನೆ.