ಒಬ್ಬರು ಪಾಲುದಾರರು ಹೊರಟಾಗ ನಾನು ಲೆಕ್ಕ ಹಾಕಿದ ಬಗೆ

ಸೋಮವಾರಪೇಟೆಯ ಒಂದು ಕಾಫಿ ಪುಡಿ ವ್ಯಾಪಾರಕ್ಕೆ ನಾನು ಲೆಕ್ಕ ಬರೆಯುತ್ತೇನೆ. ಪಾಲುದಾರರು ಮೂವರು, ಲಾಭದ ಪಾಲು 5:3:2. ವಯಸ್ಸಾಯಿತು, ಇನ್ನು ತೋಟ ನೋಡಿಕೊಂಡು ಇರುತ್ತೇನೆ ಎಂದು ಮೂರು ಪಾಲಿನವರು ಹೊರಟರು. ಉಳಿದ ಇಬ್ಬರು, ಅಂದರೆ ಐದು ಪಾಲಿನ ಹಿರಿಯವರು ಮತ್ತು ಎರಡು ಪಾಲಿನ ಕಿರಿಯವರು, ಮುಂದೆ 3:2 ಎಂದು ಒಪ್ಪಿಕೊಂಡರು.

ಮೊದಲು ಆಸ್ತಿಗಳಿಗೆ ಈಗಿನ ಬೆಲೆ ಕಟ್ಟಿದೆವು. ಪುಸ್ತಕದಲ್ಲಿ 8 ಲಕ್ಷ ಇದ್ದ ಗೋದಾಮು 12 ಲಕ್ಷಕ್ಕೆ ಏರಿತ್ತು. ಹುರಿಯುವ ಯಂತ್ರದ ಬೆಲೆ 60,000 ಇಳಿಯಿತು. ದಾಸ್ತಾನಿನ ಚೀಲಗಳನ್ನು ಬಿಚ್ಚಿಸಿದಾಗ ಮಳೆಗಾಲದ ತೇವಕ್ಕೆ ಕೆಲವು ಬೂಷ್ಟು ಹಿಡಿದಿದ್ದವು. ಅದಕ್ಕೆ 40,000 ಕಳೆದೆ. ಸುಮ್ನೆ ಪುಸ್ತಕ ನೋಡಿ ಬರೆದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಕೊನೆಗೆ ಉಳಿದ ಏರಿಕೆ 3 ಲಕ್ಷ.

"ಗೋದಾಮು ಇನ್ನು ನಮ್ಮದೇ ಅಲ್ವಾ, ಅವರಿಗೆ ಯಾಕೆ ಪಾಲು?" ಎಂದು ಕಿರಿಯವರು ಕೇಳಿದರು. ಬೆಲೆ ಏರಿದ್ದು ಮೂವರೂ ಜೊತೆಗಿದ್ದಾಗ. ಹಾಗಾಗಿ ಇದನ್ನು ಹಳೆಯ ಅನುಪಾತದಲ್ಲೇ ಹಂಚಬೇಕು. ಹೊರಡುವವರಿಗೆ 90,000 ಬಂತು.

ನಾನು ಎಡವಿದ್ದು ಗುಡ್‌ವಿಲ್‌ನಲ್ಲಿ, ಅಂದರೆ ವ್ಯಾಪಾರ ಗಳಿಸಿದ ಒಳ್ಳೆಯ ಹೆಸರಿಗೆ ಕಟ್ಟುವ ಬೆಲೆಯಲ್ಲಿ. ವ್ಯಾಪಾರದ ಗುಡ್‌ವಿಲ್ 6 ಲಕ್ಷ ಎಂದು ಮೂವರೂ ಒಪ್ಪಿದ್ದರು. ಹೊರಡುವವರ ಪಾಲು 1,80,000. ಇದನ್ನು ಉಳಿದ ಇಬ್ಬರೇ ತುಂಬಿಕೊಡಬೇಕು. ಮೊದಲ ಹಾಳೆಯಲ್ಲಿ ನಾನು ಹೊಸ ಅನುಪಾತವನ್ನೇ ಹಿಡಿದು ಹಿರಿಯವರಿಗೆ 1,08,000, ಕಿರಿಯವರಿಗೆ 72,000 ಹಾಕಿದ್ದೆ. ಅದು ತಪ್ಪು. ಯಾರಿಗೆ ಎಷ್ಟು ಪಾಲು ಜಾಸ್ತಿ ಆಯಿತೋ ಅವರು ಅಷ್ಟೇ ಕೊಡಬೇಕು. ಅದನ್ನು ಹೇಳುವುದು ಗಳಿಕೆ ಅನುಪಾತ, ಅಂದರೆ ಹೊಸ ಪಾಲಿನಲ್ಲಿ ಹಳೆಯ ಪಾಲು ಕಳೆದರೆ ಉಳಿಯುವುದು.

```
ಹಿರಿಯವರು: 3/5 - 5/10 = 1/10
ಕಿರಿಯವರು: 2/5 - 2/10 = 2/10
```

ಗಳಿಕೆ 1:2. ಹಿರಿಯವರು 60,000, ಕಿರಿಯವರು 1,20,000 ಕೊಡಬೇಕು. ನನ್ನ ಮೊದಲ ಹಾಳೆಯಂತೆ ಹೋಗಿದ್ದರೆ ಹಿರಿಯವರ ಮೇಲೆ 48,000 ಹೊರೆ ಜಾಸ್ತಿ ಬೀಳುತ್ತಿತ್ತು. ಸರಿಯೋ ಅಲ್ಲವೋ ನೋಡಲು ಇಬ್ಬರ ಗಳಿಕೆಯನ್ನೂ ಕೂಡಿಸುತ್ತೇನೆ. ಅದು ಹೊರಡುವವರ 3/10ಕ್ಕೆ ಸಮ ಬರಲೇಬೇಕು. ಉಳಿದವರು ತಮ್ಮ ಹಳೆಯ 5:2 ಅನ್ನೇ ಇಟ್ಟುಕೊಂಡಿದ್ದರೆ ಗಳಿಕೆಯೂ 5:2 ಆಗುತ್ತಿತ್ತು, ಈ ತಪ್ಪು ಕಾಣಿಸುತ್ತಲೇ ಇರಲಿಲ್ಲ.

ಹೊರಡುವವರ ಬಂಡವಾಳ 7,20,000. ಮೀಸಲು ನಿಧಿ 1 ಲಕ್ಷದಲ್ಲಿ ಅವರ ಪಾಲು 30,000. ಜೊತೆಗೆ ಏರಿಕೆಯ 90,000, ಗುಡ್‌ವಿಲ್‌ನ 1,80,000. ಒಟ್ಟು 10,20,000.

ಅಷ್ಟು ದುಡ್ಡು ಒಮ್ಮೆಲೇ ವ್ಯಾಪಾರದಿಂದ ತೆಗೆದರೆ ಬೀಜ ಕೊಳ್ಳಲು ಏನೂ ಉಳಿಯುವುದಿಲ್ಲ. ಹಾಗಾಗಿ 4 ಲಕ್ಷ ಕೂಡಲೇ ಕೊಟ್ಟು, 6,20,000 ಅನ್ನು ಅವರ ಹೆಸರಿನ ಸಾಲದ ಖಾತೆಗೆ ಹಾಕಿದೆವು. ಬಡ್ಡಿ, ಕಂತು ಎರಡನ್ನೂ ಪತ್ರದಲ್ಲಿ ಬರೆಸಿದೆ. ಬೇರೆ ಒಪ್ಪಂದ ಇಲ್ಲದಿದ್ದರೆ 1932ರ ಪಾಲುದಾರಿಕೆ ಕಾಯ್ದೆಯ 37ನೇ ಸೆಕ್ಷನ್ ಪ್ರಕಾರ, ಬಾಕಿಗೆ ವರ್ಷಕ್ಕೆ ಶೇಕಡಾ 6 ಬಡ್ಡಿ ಕೇಳಬಹುದು, ಇಲ್ಲವೇ ಆ ಹಣ ಬಳಸಿ ಬಂದ ಲಾಭದಲ್ಲಿ ಪಾಲು ಕೇಳಬಹುದು. ಯಾವುದು ಎಂದು ಆರಿಸುವ ಹಕ್ಕು ಹೊರಟವರದ್ದು.