ಚಿಪ್ಸ್ ಬಾಣಲೆ ಉಕ್ಕಿ ಕೈ ಸುಟ್ಟಾಗ: 20 ನಿಮಿಷ ನೀರು ಬಿಟ್ಟ ಅನುಭವ

ಕುಂಬಳೆ ಕಡೆಯ ನಮ್ಮ ಹೋಟೆಲಿನಲ್ಲಿ ನೇಂದ್ರಕಾಯಿ ಚಿಪ್ಸ್ ಕರಿಯುವಾಗ ತೆಂಗಿನೆಣ್ಣೆ ಉಕ್ಕಿ ಅಡುಗೆಯವರ ಬಲಗೈ ಮೇಲೆ ಬಿತ್ತು. ಬಾಣಲೆಯಲ್ಲಿ ಎಣ್ಣೆ ಮುಕ್ಕಾಲಿಗಿಂತ ಮೇಲಿತ್ತು. ಚಿಪ್ಸಿಗೆ ಹಾಕುವ ಉಪ್ಪುನೀರನ್ನು ಚಿಮುಕಿಸುವ ಬದಲು ಒಂದೇ ಕಡೆ ಸುರಿದದ್ದರಿಂದ ನೀರು ಅಡಿಗಿಳಿದು ಆವಿಯಾಗಿ ಎಣ್ಣೆಯನ್ನು ಹೊರಗೆ ತಳ್ಳಿತು. ಎಣ್ಣೆ ಸುಮಾರು 170 ಡಿಗ್ರಿ ಇದ್ದಿರಬೇಕು. ಕುದಿನೀರಿಗಿಂತ ಅಷ್ಟು ಹೆಚ್ಚು ಬಿಸಿ, ಮೇಲಾಗಿ ಚರ್ಮಕ್ಕೆ ಅಂಟಿ ನಿಲ್ಲುತ್ತದೆ.

ಒಬ್ಬರು ಗ್ಯಾಸ್ ಆರಿಸಿದರು, ಇನ್ನೊಬ್ಬರು ಅವರನ್ನು ಒಲೆಯಿಂದ ದೂರ ಕರೆತಂದರು. ಬಾಣಲೆ ಹತ್ತಿರ ನೀರು ತರಲು ಬಿಡಲಿಲ್ಲ. ನಳ್ಳಿಯ ಕೆಳಗೆ ಕೈ ಹಿಡಿಸಿ, ಎಣ್ಣೆ ಹೀರಿದ ಅಂಗಿಯ ತೋಳನ್ನು ಕತ್ತರಿಯಿಂದ ಬಿಡಿಸಿದೆವು. ಆ ಬಟ್ಟೆ ಉಳಿದರೆ ನೀರು ಬಿಟ್ಟರೂ ಒಳಗೆ ಬೇಯುತ್ತಲೇ ಇರುತ್ತದೆ. ಚರ್ಮಕ್ಕೆ ಅಂಟಿದ್ದರೆ ಮಾತ್ರ ಎಳೆಯಬಾರದು. ವಾಚು, ಕೈದಾರ ಊದುವ ಮೊದಲೇ ತೆಗೆಯಬೇಕು.

ಟೂತ್‌ಪೇಸ್ಟ್, ಐಸ್, ಅರಸಿನ ಎಲ್ಲ ಬಂದವು. "ಬರೀ ನೀರಲ್ಲಿ ಎಂತ ಆಗ್ತದೆ?" ಅಂದವರೇ ಹೆಚ್ಚು. ನಾನು ಬಿಡಲಿಲ್ಲ, ಗಡಿಯಾರ ನೋಡಿ 20 ನಿಮಿಷ ನೀರು ಹರಿಸಿದೆ. ಒಂದು ಕಷ್ಟ ಬಂತು: ಮಧ್ಯಾಹ್ನ ತಾರಸಿ ಟ್ಯಾಂಕಿನ ನೀರು ಬೆಚ್ಚಗೇ ಬರುತ್ತಿತ್ತು. ಬಾವಿಯ ಪಂಪು ಹಾಕಿ ನೇರ ಪೈಪಿನಿಂದ ಬಿಟ್ಟೆವು. ಒದ್ದೆ ಬಟ್ಟೆಯನ್ನೂ ಆಮೇಲೆ ಪರೀಕ್ಷಿಸಿದೆ. ಬಿಸಿ ಪಾತ್ರೆಗೆ ಸುತ್ತಿದರೆ ಬಟ್ಟೆಯೇ ಬೇಗ ಬೆಚ್ಚಗಾಗುತ್ತದೆ, ಹರಿಯುವ ನೀರಿಗೆ ಸಮವಿಲ್ಲ. ಐಸ್ ಚರ್ಮಕ್ಕೆ ಬೇರೆಯೇ ಹಾನಿ ಮಾಡುತ್ತದೆ.

ಆಮೇಲೆ ಪಾತ್ರೆ ಮುಚ್ಚುವ ಪ್ಲಾಸ್ಟಿಕ್ ಹಾಳೆಯ ಮೊದಲ ಸುತ್ತು ಬಿಸಾಡಿ, ಒಳಗಿನದ್ದನ್ನು ಕೈಯ ಉದ್ದಕ್ಕೆ ಇಟ್ಟೆವು. ಸುತ್ತಿದರೆ ಊದಿದಾಗ ಬಿಗಿಯುತ್ತದೆ. ಗುಳ್ಳೆ ಒಡೆಯಲಿಲ್ಲ. ಮಣಿಕಟ್ಟು ಸುಟ್ಟಿದ್ದರಿಂದ ಡಾಕ್ಟರರಿಗೆ ತೋರಿಸಿ ಟೆಟನಸ್ ಚುಚ್ಚುಮದ್ದು ಕೊಡಿಸಿದೆವು. ಸುಟ್ಟ ಜಾಗ ಬಿಳಿಚಿ, ನೋವೇ ಇಲ್ಲ ಅಂದರೆ ಅದು ಆಳದ ಸುಟ್ಟಗಾಯ. ಅಂಥದ್ದಕ್ಕೂ ನೀರು ಬಿಡಬೇಕು, ಆದರೆ ಆಸ್ಪತ್ರೆಗೆ ತಡಮಾಡಬಾರದು. ಮುಖ, ಕೈ, ಪಾದ ಸುಟ್ಟರೂ ಹಾಗೆಯೇ.

ಹುಡುಗರು ಅಪಘಾತ ಪುಸ್ತಕದಲ್ಲಿ ಮೊದಲು "ಎಣ್ಣೆ ಬಿತ್ತು" ಎಂದಷ್ಟೇ ಬರೆದಿದ್ದರು. ಇಎಸ್‌ಐ ಕೇಳಿದರೆ ಅದು ಯಾವುದಕ್ಕೂ ಬರುವುದಿಲ್ಲ. ನಾನು ಬರೆಸಿದ್ದು ಹೀಗೆ:

"12.40, ಚಿಪ್ಸ್ ಒಲೆ. ಎಣ್ಣೆ ಮುಕ್ಕಾಲಿಗಿಂತ ಮೇಲೆ, ಉಪ್ಪುನೀರು ಒಮ್ಮೆಗೇ ಸುರಿದದ್ದು. ಬಲ ಮುಂಗೈ, ಮಣಿಕಟ್ಟು. ಅವರ ಅಂಗೈ ಒಂದೂವರೆಯಷ್ಟು. ಕೆಂಪು, ಗುಳ್ಳೆ, ನೋವು ಇದೆ. ನೀರು 12.42ರಿಂದ 1.02. ಬೇರೇನೂ ಹಚ್ಚಿಲ್ಲ."

ಬೆರಳು ಸೇರಿಸಿದ ಅವರದೇ ಅಂಗೈ ದೇಹದ ಮೇಲ್ಮೈಯ ಸುಮಾರು 1 ಶೇಕಡಾ. ಡಾಕ್ಟರರಿಗೆ ಆ ಅಳತೆಯೇ ಬೇಕು. ಏನೂ ಹಚ್ಚದ ಕಾರಣ ಗಾಯ ಸರಿಯಾಗಿ ಕಾಣುತ್ತದೆ ಎಂದು ಅವರೇ ಹೇಳಿದರು. ಎರಡು ವಾರದ ಆಸುಪಾಸಿನಲ್ಲಿ ಚರ್ಮ ಬಂತು, ಕಸಿ ಬೇಕಾಗಲಿಲ್ಲ. ಚುಚ್ಚುಮದ್ದು, ಬ್ಯಾಂಡೇಜು ಎಲ್ಲ ಸೇರಿ ಸಾವಿರದೊಳಗೆ ಮುಗಿಯಿತು. ಈಗ ಬಾಣಲೆಯ ಒಳಗೆ ಅರ್ಧಕ್ಕೆ ಗೆರೆ ಕೊರೆಸಿದ್ದೇವೆ. ಉಪ್ಪುನೀರಿನ ಹದ ಮಾತ್ರ ನಮ್ಮ ಒಲೆಯಲ್ಲೇ ಇರಲಿ.